ಲಕ್ಕುಂಡಿ ಪ್ರವಾಸಕ್ಕೆ ಅಪಾಯ ಅಂದಾಜು ಪಟ್ಟಿ: ಶಿಕ್ಷಕರು ಅದನ್ನು ಬರೆಯುವ ಬಗೆ

ಶಾಲಾ ಪ್ರವಾಸದ ಕಡತದಲ್ಲಿ ಇಲಾಖೆಯ ಅನುಮತಿ ಪತ್ರ, ಪಾಲಕರ ಒಪ್ಪಿಗೆ ಪತ್ರಗಳು, ಮಕ್ಕಳ ಹೆಸರುಪಟ್ಟಿ ಮತ್ತು ಬಸ್ಸಿನ ದಾಖಲೆಗಳ ಜೊತೆಗೆ ಇರಬೇಕಾದ ಇನ್ನೊಂದು ಕಾಗದವೆಂದರೆ ಅಪಾಯ ಅಂದಾಜು ಪಟ್ಟಿ. ಹೊರಡುವ ಹಿಂದಿನ ದಿನ ಸಂಜೆ, ಹಳೆಯ ವರ್ಷದ ಪ್ರತಿಯನ್ನು ತೆಗೆದು, ದಿನಾಂಕವನ್ನಷ್ಟೇ ತಿದ್ದಿ ಕಡತಕ್ಕೆ ಸೇರಿಸುವ ಕಾಗದವೂ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಒಮ್ಮೆ ಕಪ್ಪತಗುಡ್ಡಕ್ಕೆ ಹೊರಟಿದ್ದ ಶಾಲೆಯೊಂದರ ಪಟ್ಟಿಯಲ್ಲಿ "ಮಕ್ಕಳು ಸಮುದ್ರಕ್ಕೆ ಇಳಿಯದಂತೆ ನೋಡಿಕೊಳ್ಳುವುದು" ಎಂಬ ಸಾಲನ್ನು ನಾನು ಓದಿದ್ದೇನೆ. ಅದರ ಹಿಂದಿನ ವರ್ಷ ಅವರು ಗೋಕರ್ಣಕ್ಕೆ ಹೋಗಿದ್ದರು. ಓದಿದಾಗ ನಗು ಬಂತು, ಆದರೆ ಗುಡ್ಡದ ಜಾರು, ಬಿಸಿಲು, ದಾರಿ ತಪ್ಪುವ ಕವಲುಗಳು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಪಟ್ಟಿಯನ್ನು ಬರೆಯುವ ಕ್ರಮವನ್ನು ಒಂದೇ ಪ್ರವಾಸವನ್ನು ಹಿಡಿದು ವಿವರಿಸುತ್ತೇನೆ. ಧಾರವಾಡ ತಾಲ್ಲೂಕಿನ ಒಂದು ಪ್ರೌಢಶಾಲೆಯ 8 ಮತ್ತು 9ನೆಯ ತರಗತಿಯ 48 ಮಕ್ಕಳು, ಐವರು ಶಿಕ್ಷಕರು, ಒಂದು ಬಸ್ಸು, ಜನವರಿಯ ಒಂದು ದಿನ. ಮೊದಲು ಹಾಕಿಕೊಂಡ ಯೋಜನೆಯಲ್ಲಿ ಮೂರು ಸ್ಥಳಗಳಿದ್ದವು: ಲಕ್ಕುಂಡಿಯ ಗುಡಿಗಳು ಮತ್ತು ಬಾವಿಗಳು, ಗದಗಿನ ಸಮೀಪದ ಬಿಂಕದಕಟ್ಟಿ ಮೃಗಾಲಯ, ಸಂಜೆಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಎಲ್ಲ ಶಾಲೆಗಳಿಗೂ ಅದರ ಮೇಲೆ ಕಣ್ಣು. ಪಟ್ಟಿ ಬರೆದು ಮುಗಿಯುವ ಹೊತ್ತಿಗೆ ಮೂರರಲ್ಲಿ ಒಂದು ಸ್ಥಳವನ್ನು ಕೈಬಿಡಬೇಕಾಯಿತು. ಅದು ಹೇಗೆಂಬುದು ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಹೋಗಿ ನೋಡಿ ಬರುವುದು

ಶಾಲೆಯ ಕೊಠಡಿಯಲ್ಲಿ ಕುಳಿತು ಬರೆದ ಪಟ್ಟಿಯಲ್ಲಿ "ನೀರಿನ ಅಪಾಯ", "ರಸ್ತೆ ಅಪಾಯ", "ಆಹಾರ" ಎಂಬ ಒಂಟಿ ಪದಗಳು ಮಾತ್ರ ಬರುತ್ತವೆ. ಸ್ಥಳಕ್ಕೆ ಹೋಗಿ ಬಂದವರ ಪಟ್ಟಿಯಲ್ಲಿ ವಾಕ್ಯಗಳಿರುತ್ತವೆ. ಆದ್ದರಿಂದ ಪ್ರವಾಸಕ್ಕೆ ಹತ್ತು ಹದಿನೈದು ದಿನ ಮೊದಲು ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ, ಮಕ್ಕಳು ತಲುಪುವ ಹೊತ್ತಿಗೇ ಅಲ್ಲಿಗೆ ಹೋಗಿ, ಮಕ್ಕಳು ನಡೆಯುವ ದಾರಿಯಲ್ಲೇ ನಡೆದು ನೋಡಬೇಕು. ಬಸ್ಸು ಎಲ್ಲಿ ನಿಲ್ಲುತ್ತದೆ, ಹಿಂದಕ್ಕೆ ತಿರುಗಿಸಿಕೊಳ್ಳಲು ಜಾಗವೆಲ್ಲಿದೆ, ಹೆಣ್ಣುಮಕ್ಕಳಿಗೆ ಬಳಸಲು ಯೋಗ್ಯವಾದ ಶೌಚಾಲಯವಿದೆಯೇ, ಮೊಬೈಲಿಗೆ ಸಂಪರ್ಕ ಸಿಗುತ್ತದೆಯೇ, ಗಿಡಗಳಲ್ಲಿ ಮತ್ತು ಗೋಪುರದ ಅಂಚಿನಲ್ಲಿ ಜೇನುಗೂಡುಗಳಿವೆಯೇ ಎಂಬುದನ್ನು ಕಣ್ಣಿನಿಂದ ನೋಡಿ ಬರೆದುಕೊಳ್ಳಬೇಕು.

ನಾವು ಹೋದ ಭಾನುವಾರ ಲಕ್ಕುಂಡಿಯಲ್ಲಿ ಹೆಚ್ಚು ಹೊತ್ತು ನಿಂತದ್ದು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಬಳಿ. ಕಲ್ಯಾಣದ ಚಾಲುಕ್ಯರ ಕಾಲದ ಆ ಮೆಟ್ಟಿಲು ಬಾವಿಯನ್ನು, ಅದರ ಒಳಗೋಡೆಯ ಪುಟ್ಟ ಗುಡಿಗಳಂಥ ಗೂಡುಗಳನ್ನು ಕಂಡ ಯಾವ ಮಗುವಿಗೂ ಮೊದಲು ಬರುವ ಆಸೆ ಕೆಳಗಿಳಿಯುವುದು. ಕೆಳಗಿನ ಮೆಟ್ಟಿಲುಗಳ ಮೇಲೆ ಆ ದಿನ ನೀರು ನಿಂತಿತ್ತು, ನೀರು ತಾಗಿದ ಕಲ್ಲಿನ ಮೇಲೆ ಪಾಚಿಯಿತ್ತು. ಸಹೋದ್ಯೋಗಿ ಮೇಲಿನಿಂದಲೇ ಒಂದು ಸಣ್ಣ ಕಲ್ಲನ್ನು ನೀರಿಗೆ ಹಾಕಿ, "ಎಷ್ಟು ಆಳ ಅದ ಅಂತ ಇದರಿಂದ ಗೊತ್ತಾಗೂದಿಲ್ಲರಿ" ಎಂದರು. ನೀರಿನ ಬಣ್ಣವನ್ನು ನೋಡಿ ಆಳವನ್ನು ಹೇಳಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ ನಮ್ಮ ಟಿಪ್ಪಣಿಯಲ್ಲಿ "ಆಳ ತಿಳಿಯದು" ಎಂದೇ ಬರೆದೆವು. ಪಟ್ಟಿಯಲ್ಲಿ ಇದಕ್ಕೆ "ಆಳವಾದ ನೀರು" ಎಂದೇ ಅರ್ಥ.

ಎರಡನೆಯ ಹೆಜ್ಜೆ: ಕಾಲಂಗಳು ಮತ್ತು ಅಂಕಗಳು

ಪಟ್ಟಿಯ ಮೊದಲ ಕಾಲಂ ಅಪಾಯದ ಮೂಲ. ಇಲ್ಲಿ ವಸ್ತುವಿನ ಹೆಸರಷ್ಟೇ ಸಾಲದು. ಯಾವ ಸ್ಥಳದಲ್ಲಿ, ಯಾರಿಗೆ, ಯಾವ ರೀತಿಯಲ್ಲಿ ಹಾನಿಯಾಗಬಹುದು ಎಂಬುದು ಒಂದೇ ವಾಕ್ಯದಲ್ಲಿ ಬರಬೇಕು. "ಬಾವಿ" ಎಂದು ಬರೆದರೆ ಅದಕ್ಕೆ ಹೊಂದುವ ನಿಯಂತ್ರಣ ಕ್ರಮ "ಎಚ್ಚರಿಕೆ ವಹಿಸುವುದು" ಎಂದಷ್ಟೇ ಆಗುತ್ತದೆ. "ಫೋಟೊ ತೆಗೆಯಲು ಮೆಟ್ಟಿಲಿಳಿದ ಮಗು ಪಾಚಿಯ ಮೇಲೆ ಜಾರಿ ನೀರಿಗೆ ಬೀಳಬಹುದು" ಎಂದು ಬರೆದಾಗ, ತಡೆಯಬೇಕಾದದ್ದು ಮೆಟ್ಟಿಲಿಳಿಯುವುದನ್ನು ಎಂಬುದು ಆ ವಾಕ್ಯದಲ್ಲೇ ಕಾಣುತ್ತದೆ.

ಎರಡನೆಯದು ಸಾಧ್ಯತೆ, ಮೂರನೆಯದು ತೀವ್ರತೆ. ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸುವುದು ರೂಢಿ. ಅಂಕ ಕೊಡುವ ಮೊದಲು ಪ್ರತಿ ಅಂಕದ ಅರ್ಥವನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆದಿಡದಿದ್ದರೆ ಒಬ್ಬರ 3 ಇನ್ನೊಬ್ಬರ 2 ಆಗುತ್ತದೆ. ನಾವು ಇಟ್ಟುಕೊಂಡ ಅರ್ಥ ಹೀಗಿತ್ತು. ಸಾಧ್ಯತೆಯಲ್ಲಿ 1 ಎಂದರೆ ನಡೆಯುವ ದಾರಿಯೇ ಮುಚ್ಚಿದೆ ಎನ್ನುವಷ್ಟು ಅಪರೂಪ, 2 ಎಂದರೆ ನಡೆಯಬಹುದು ಆದರೆ ನಮಗೆ ಪರಿಚಯವಿರುವ ಶಾಲೆಗಳಲ್ಲಿ ನಡೆದದ್ದನ್ನು ಕೇಳಿಲ್ಲ, 3 ಎಂದರೆ ಸುತ್ತಲಿನ ಶಾಲೆಗಳಲ್ಲಿ ನಡೆದದ್ದನ್ನು ಕೇಳಿದ್ದೇವೆ, 4 ಎಂದರೆ ನಮ್ಮ ಶಾಲೆಯ ಪ್ರವಾಸದಲ್ಲೇ ನಡೆದಿದೆ, 5 ಎಂದರೆ ಪ್ರತಿ ಪ್ರವಾಸದಲ್ಲೂ ನಡೆಯುತ್ತದೆ. ತೀವ್ರತೆಯಲ್ಲಿ 1 ಎಂದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಮುಗಿಯುವ ಗಾಯ, 2 ಎಂದರೆ ಮಗುವನ್ನು ಕೂರಿಸಿ ವಿಶ್ರಾಂತಿ ಕೊಡಬೇಕಾದ ಸ್ಥಿತಿ, 3 ಎಂದರೆ ದವಾಖಾನೆಗೆ ಹೋಗಿ ಅದೇ ದಿನ ಮರಳುವಂಥದ್ದು, 4 ಎಂದರೆ ದವಾಖಾನೆಯಲ್ಲಿ ದಾಖಲಾಗಬೇಕಾದದ್ದು, 5 ಎಂದರೆ ಸಾವು ಅಥವಾ ಶಾಶ್ವತ ಅಂಗವೈಕಲ್ಯ.

ಈ ಗುಣಾಕಾರದಲ್ಲಿ ಒಂದು ದೋಷವಿದೆ, ಅದನ್ನು ತಿಳಿದೇ ಬಳಸಬೇಕು. ಬಸ್ಸಿನಲ್ಲಿ ಯಾರಾದರೂ ವಾಂತಿ ಮಾಡಿಕೊಳ್ಳುವುದು ಪ್ರತಿ ಪ್ರವಾಸದಲ್ಲೂ ಇರುತ್ತದೆ; ಸಾಧ್ಯತೆ 5, ತೀವ್ರತೆ 2, ಗುಣಲಬ್ಧ 10. ಬಾವಿಗೆ ಬೀಳುವುದರ ಸಾಧ್ಯತೆಯನ್ನು ಯಾರಾದರೂ 2 ಎಂದು ಬರೆದರೆ, ತೀವ್ರತೆ 5 ಆಗಿ, ಗುಣಲಬ್ಧ ಮತ್ತೆ 10. ಲೆಕ್ಕದಲ್ಲಿ ಎರಡೂ ಒಂದೇ ಸಮ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ಗುಣಲಬ್ಧ ಎಷ್ಟೇ ಇರಲಿ, ತೀವ್ರತೆ 5 ಇರುವ ಸಾಲುಗಳೆಲ್ಲ ಮೇಲೆ ಬರುತ್ತವೆ ಮತ್ತು ಅವುಗಳಿಗೆ ನಿಯಂತ್ರಣ ಕ್ರಮವಿಲ್ಲದೆ ಮುಖ್ಯೋಪಾಧ್ಯಾಯರು ಸಹಿ ಹಾಕುವುದಿಲ್ಲ ಎಂಬ ನಿಯಮವನ್ನು ಮಾಡಿಕೊಂಡೆವು.

ಉಳಿದ ಕಾಲಂಗಳು ನಿಯಂತ್ರಣ ಕ್ರಮ, ಅದರ ಹೊಣೆ ಹೊತ್ತವರು, ಮತ್ತು ಕ್ರಮ ಕೈಗೊಂಡ ನಂತರವೂ ಉಳಿಯುವ ಅಂಕ. ಕೊನೆಯ ಕಾಲಂ ತುಂಬುವಾಗ ಬಹಳ ಪಟ್ಟಿಗಳು ದಾರಿ ತಪ್ಪುತ್ತವೆ. ಕ್ರಮ ಕೈಗೊಂಡ ಮೇಲೆ ಸಾಧ್ಯತೆ ಮತ್ತು ತೀವ್ರತೆ ಎರಡನ್ನೂ ಧಾರಾಳವಾಗಿ ಇಳಿಸಿ, 15 ಇದ್ದದ್ದನ್ನು 2 ಮಾಡಿಬಿಡುತ್ತಾರೆ. ಬಾವಿಯ ಬಳಿ ಶಿಕ್ಷಕರು ನಿಂತರೆ ಬೀಳುವ ಸಾಧ್ಯತೆ ಇಳಿಯುತ್ತದೆ. ಬಿದ್ದ ಮಗುವಿಗೆ ನೀರಿನ ಆಳ ಇಳಿಯುವುದಿಲ್ಲ. ತೀವ್ರತೆಯ ಅಂಕವನ್ನು ಇಳಿಸಬೇಕಾದರೆ ಬಿದ್ದ ಮೇಲೂ ಹಾನಿಯನ್ನು ಕಡಿಮೆ ಮಾಡುವ ಯಾವುದಾದರೂ ವಸ್ತು ಅಥವಾ ವ್ಯವಸ್ಥೆ ಅಲ್ಲಿರಬೇಕು.

ಮೂರನೆಯ ಹೆಜ್ಜೆ: ಒಂದು ಸಾಲನ್ನು ಪೂರ್ತಿ ಯೋಚಿಸುವುದು

ಮುಸುಕಿನ ಬಾವಿಯ ಸಾಲನ್ನೇ ತೆಗೆದುಕೊಳ್ಳೋಣ. ಕೆರೆಯ ಅಂಚಿನಲ್ಲಿ ಕಾಲಿಟ್ಟ ಮಗುವಿಗೆ ನೀರು ನಿಧಾನವಾಗಿ ಆಳವಾಗುತ್ತ ಹೋಗುತ್ತದೆ. ಮೆಟ್ಟಿಲು ಬಾವಿಯಲ್ಲಿ ಒಂದೊಂದು ಮೆಟ್ಟಿಲಿಗೂ ಆಳ ಒಮ್ಮೆಲೇ ಹೆಚ್ಚುತ್ತದೆ, ಹಿಡಿದುಕೊಳ್ಳಲು ಜಾರುವ ಕಲ್ಲಲ್ಲದೆ ಬೇರೇನೂ ಇಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ, ಏಕೆಂದರೆ ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಅದು ಉಸಿರನ್ನು ಎಳೆದುಕೊಳ್ಳುತ್ತಿರುತ್ತದೆ. ಆದ್ದರಿಂದ ಮೇಲೆ ನಿಂತವರಿಗೆ ಸದ್ದಿನಿಂದ ತಿಳಿಯುತ್ತದೆ ಎಂಬ ನಂಬಿಕೆಯ ಮೇಲೆ ಯಾವ ಕ್ರಮವನ್ನೂ ಬರೆಯಬಾರದು. ಇನ್ನೊಂದು ಸಂಗತಿ, ಒಬ್ಬರು ಬಿದ್ದಾಗ ಗೆಳೆಯ ಅಥವಾ ಶಿಕ್ಷಕ ಹಿಂದೆಯೇ ಹಾರುವುದರಿಂದ ಎರಡನೆಯ ಸಾವು ಸಂಭವಿಸುವುದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಾಲಾ ಪ್ರವಾಸದಲ್ಲಿ ನೀರಿನ ಅಪಾಯ ಒಂದೇ ಜೀವಕ್ಕೆ ನಿಲ್ಲುವುದಿಲ್ಲ ಎಂಬುದನ್ನು ನೆನಪಿಡಲು ಅದೊಂದು ಸಾಕು.

ಇಲ್ಲಿ ತೀವ್ರತೆ 5 ಎಂಬುದರಲ್ಲಿ ಸಂಶಯವಿಲ್ಲ. ಆಂಬುಲೆನ್ಸ್ ಕರೆಯುವ ಏರ್ಪಾಡಿನಿಂದ ಅದನ್ನು 4ಕ್ಕೆ ಇಳಿಸಬಹುದೇ ಎಂದು ಒಬ್ಬ ಶಿಕ್ಷಕರು ಕೇಳಿದರು. ಉಸಿರು ನಿಂತ ಮೇಲೆ ಮಿದುಳಿಗೆ ಹಾನಿಯಾಗಲು ನಾಲ್ಕೈದು ನಿಮಿಷ ಸಾಕು. ಗದಗಿನಿಂದ ಲಕ್ಕುಂಡಿಗೆ ಸುಮಾರು 12 ಕಿಲೋಮೀಟರು. 108ಕ್ಕೆ ಕರೆ ಮಾಡುವುದು ಅಗತ್ಯ, ಆದರೆ ಅದು ತೀವ್ರತೆಯನ್ನು ಇಳಿಸುವಷ್ಟು ಬೇಗ ಬರಲಾರದು. ಆದ್ದರಿಂದ ತೀವ್ರತೆ 5 ಆಗಿಯೇ ಉಳಿಯಿತು, ಕೆಲಸವೆಲ್ಲ ಸಾಧ್ಯತೆಯ ಕಡೆಗೆ ತಿರುಗಿತು.

ನಿಯಂತ್ರಣ ಕ್ರಮಗಳನ್ನು ಹುಡುಕುವಾಗ ಮೇಲಿನಿಂದ ಕೆಳಕ್ಕೆ ಬರುವ ಒಂದು ಕ್ರಮವಿದೆ. ಅಪಾಯವನ್ನೇ ಬಿಡಬಹುದೇ? ಬಿಡಲಾಗದಿದ್ದರೆ ಬದಲಿ ದಾರಿಯಿದೆಯೇ? ಇಲ್ಲದಿದ್ದರೆ ಮಗು ಮತ್ತು ಅಪಾಯದ ನಡುವೆ ಅಡ್ಡವೊಂದನ್ನು ಇಡಬಹುದೇ? ಅದೂ ಆಗದಿದ್ದರೆ ಜನರನ್ನು ನಿಲ್ಲಿಸಿ ಕಾಯಬಹುದೇ? ಇಷ್ಟೂ ಮುಗಿದ ಮೇಲೆ ಕೊನೆಯದಾಗಿ ಮಕ್ಕಳಿಗೆ ತಿಳಿಹೇಳುವುದು. ನಮ್ಮ ಪಟ್ಟಿಗಳು ಈ ಸಾಲಿನ ತುದಿಯಿಂದಲೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. "ಮಕ್ಕಳಿಗೆ ಸೂಚನೆ ನೀಡಲಾಗುವುದು" ಎಂಬ ವಾಕ್ಯ ಎಲ್ಲ ಸಾಲಿನಲ್ಲೂ ಬರುತ್ತದೆ. ಎಂಟನೆಯ ತರಗತಿಯ ಮಗು ಬೆಳಿಗ್ಗೆ ಏಳಕ್ಕೆ ಕೇಳಿದ ಸೂಚನೆಯನ್ನು ಹತ್ತೂವರೆಗೆ ಗೆಳೆಯರ ನಡುವೆ ನೆನಪಿಟ್ಟುಕೊಳ್ಳುತ್ತದೆ ಎಂದು ನಂಬುವ ಶಿಕ್ಷಕರು ಯಾರಿದ್ದಾರೆ?

ಬಾವಿಯನ್ನು ಪೂರ್ತಿಯಾಗಿ ಬಿಡಲು ನಮಗೆ ಮನಸ್ಸಾಗಲಿಲ್ಲ. ಲಕ್ಕುಂಡಿಗೆ ಹೋಗಿ ಅದನ್ನು ನೋಡದೆ ಬರುವುದು ಹೇಗೆ ಎಂಬುದು ಇತಿಹಾಸದ ಶಿಕ್ಷಕಿಯ ವಾದ. ಹಾಗಾಗಿ ಬಿಟ್ಟದ್ದು ಇಳಿಯುವುದನ್ನು. ನೀರಿದ್ದರೆ ಯಾರೂ, ಶಿಕ್ಷಕರೂ ಸೇರಿ, ಒಂದು ಮೆಟ್ಟಿಲನ್ನೂ ಇಳಿಯುವುದಿಲ್ಲ, ಮೇಲಿನಿಂದ ನೋಡುವುದಷ್ಟೇ. ಶಿಕ್ಷಕರನ್ನು ಸೇರಿಸಿದ್ದಕ್ಕೆ ಕಾರಣವಿದೆ: ವಿವರಿಸಲು ಒಬ್ಬ ಶಿಕ್ಷಕರು ಕೆಳಗಿಳಿದರೆ ಮಕ್ಕಳ ಕಾಲು ತಾನಾಗಿಯೇ ಅವರ ಹಿಂದೆ ಹೋಗುತ್ತದೆ. 48 ಮಕ್ಕಳೂ ಒಮ್ಮೆಗೇ ಅಂಚಿಗೆ ಬರದಂತೆ 12ರ ನಾಲ್ಕು ಗುಂಪುಗಳು. ಒಂದು ಗುಂಪು ಬಾವಿಯ ಬಳಿ ಇರುವಾಗ ಉಳಿದ ಮೂರು ಗುಡಿಯ ಇನ್ನೊಂದು ಬದಿಯಲ್ಲಿ. ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸುಣ್ಣದ ಪುಡಿಯ ಗೆರೆ ಎಳೆಯೋಣ ಎಂದು ಮೊದಲು ಬರೆದೆವು. ಸಂರಕ್ಷಿತ ಸ್ಮಾರಕದ ಕಲ್ಲಿನ ಮೇಲೆ ಏನನ್ನೂ ಎಳೆಯಬಾರದು ಎಂಬುದು ಮನಸ್ಸಿಗೆ ಬಂದ ಮೇಲೆ ಅದನ್ನು ಹೊಡೆದುಹಾಕಿ, ಇಬ್ಬರು ಶಿಕ್ಷಕರು ಎರಡು ತುದಿಯಲ್ಲಿ ಹಿಡಿದುಕೊಳ್ಳುವ ಬಣ್ಣದ ಹಗ್ಗ ಎಂದು ಬದಲಿಸಿದೆವು. ಈ ಇಬ್ಬರ ಬೆನ್ನು ಬಾವಿಗೆ, ಮುಖ ಮಕ್ಕಳಿಗೆ. ಬಾವಿಯ ಕಥೆ ಹೇಳುವವರು ಮೂರನೆಯವರು, ಏಕೆಂದರೆ ಕಥೆ ಹೇಳುವವರು ಕಾಯಲಾರರು.

ಇಷ್ಟಾದ ಮೇಲೂ ಒಂದು ಚೀಲದಲ್ಲಿ 15 ಮೀಟರು ಹಗ್ಗ ಮತ್ತು ಅದರ ತುದಿಗೆ ಕಟ್ಟಿದ, ಮುಚ್ಚಳ ಬಿಗಿಯಾಗಿರುವ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ ಇರುತ್ತದೆ. ನೀರಿನಲ್ಲಿರುವವರಿಗೆ ಎಸೆಯಲು ಇದು ಸಾಕು, ಎಸೆಯುವವರು ನೀರಿಗಿಳಿಯುವ ಅಗತ್ಯವಿಲ್ಲ. ಶಾಲೆಯ ಹಿಂದಿನ ಮೈದಾನದಲ್ಲಿ ಮೂರು ಬಾರಿ ಎಸೆದು ನೋಡಿದಾಗ ಖಾಲಿ ಡಬ್ಬಿ ಗಾಳಿಗೆ ಎಲ್ಲೋ ಹೋಗಿ ಬೀಳುತ್ತಿತ್ತು. ಒಂದು ಲೋಟ ನೀರು ಹಾಕಿದ ಮೇಲೆ ಗುರಿಗೆ ಹೋಯಿತು. ಸಾಧ್ಯತೆ 3 ಇದ್ದದ್ದು 1ಕ್ಕೆ ಇಳಿಯಿತು; ಉಳಿದ ಅಂಕ 5.

ಬಸ್ಸಿನ ಸಾಲು ಮತ್ತು ಕೈಬಿಟ್ಟ ಕೆರೆ

ಬಸ್ಸಿನ ವಿಷಯದಲ್ಲಿ ಎಲ್ಲರೂ ಕೇಳುವುದು ದಾಖಲೆಗಳನ್ನು: ಅರ್ಹತಾ ಪ್ರಮಾಣ ಪತ್ರ, ಪರವಾನಗಿ, ವಿಮೆ, ಚಾಲಕರ ಲೈಸೆನ್ಸು. ಇವು ಬೇಕು. ಆದರೆ ಕಾಗದಗಳಲ್ಲಿ ಕಾಣದ ಅಪಾಯ ಚಾಲಕರ ದಣಿವು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆಯ ಸಾಮಾನ್ಯ ನಿಯಮದಂತೆ ಚಾಲಕರ ಕೆಲಸ ದಿನಕ್ಕೆ 8 ಗಂಟೆ ಇತ್ತು. ವಿರಾಮಗಳೂ ಸೇರಿ ಆ ದಿನದ ಕೆಲಸ 12 ಗಂಟೆಗಳ ಅವಧಿಯೊಳಗೆ ಮುಗಿಯಬೇಕಿತ್ತು. ಸತತ 5 ಗಂಟೆಯ ನಂತರ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಇರಬೇಕಿತ್ತು.

ನಮ್ಮ ಮೊದಲ ವೇಳಾಪಟ್ಟಿಯಲ್ಲಿ ಬೆಳಿಗ್ಗೆ 6ಕ್ಕೆ ಹೊರಟು, ಮಾಗಡಿ ಕೆರೆಯಲ್ಲಿ ಸೂರ್ಯಾಸ್ತ ನೋಡಿ, ರಾತ್ರಿ 9ಕ್ಕೆ ಮರಳುವುದಿತ್ತು. ಮಕ್ಕಳ ಲೆಕ್ಕದಲ್ಲೇ ಅದು 15 ಗಂಟೆ. ಚಾಲಕರ ದಿನ ಮಕ್ಕಳು ಹತ್ತಿದಾಗ ಆರಂಭವಾಗುವುದಿಲ್ಲ. ಬಸ್ಸನ್ನು ತೆಗೆದುಕೊಂಡು ಶಾಲೆಗೆ ಬರುವ ಮುಕ್ಕಾಲು ಗಂಟೆ ಮೊದಲೇ ಆರಂಭವಾಗುತ್ತದೆ, ಬಸ್ಸನ್ನು ಮರಳಿ ಬಿಟ್ಟಾಗ ಮುಗಿಯುತ್ತದೆ. ಕೊನೆಯ ಎರಡು ಮೂರು ಗಂಟೆಯ ಓಡಾಟ ಕತ್ತಲೆಯಲ್ಲಿ, ಹೆದ್ದಾರಿಯಲ್ಲಿ. ಇಬ್ಬರು ಚಾಲಕರನ್ನು ಕೇಳಬಹುದಿತ್ತು, ಆದರೆ ಅದರಿಂದ ಕತ್ತಲೆಯ ಓಡಾಟ ತಪ್ಪುತ್ತಿರಲಿಲ್ಲ. ಹೀಗಾಗಿ ಹೆಬ್ಬಾತುಗಳನ್ನು ಕೈಬಿಟ್ಟೆವು. ಮಕ್ಕಳು ಒಂದು ದಿನ ಮುಖ ಊದಿಸಿಕೊಂಡರು.

ಹೊಸ ವೇಳಾಪಟ್ಟಿಯಲ್ಲಿ ಚಾಲಕರು ಬೆಳಿಗ್ಗೆ 6.15ಕ್ಕೆ ಬಸ್ಸನ್ನು ತೆಗೆದುಕೊಳ್ಳುತ್ತಾರೆ, 7ಕ್ಕೆ ಶಾಲೆಯಿಂದ ಹೊರಡುವುದು, 9.30ಕ್ಕೆ ಲಕ್ಕುಂಡಿ, 12.15ಕ್ಕೆ ಊಟ, 1.45ರಿಂದ 3.15ರವರೆಗೆ ಬಿಂಕದಕಟ್ಟಿ, 5.30ಕ್ಕೆ ಶಾಲೆ. ಲಕ್ಕುಂಡಿಯಲ್ಲಿ ಮಕ್ಕಳು ಗುಡಿಗಳನ್ನು ನೋಡುವಾಗ ಚಾಲಕರು ಎರಡು ಗಂಟೆ ಮಲಗಬೇಕೆಂಬುದನ್ನು ಅವರೊಂದಿಗೆ ಮೊದಲೇ ಮಾತಾಡಿದ್ದೆವು. ಅವರನ್ನೂ ಗುಡಿ ತೋರಿಸಲು ಕರೆದೊಯ್ಯುವ ಸೌಜನ್ಯ ಇಲ್ಲಿ ಬೇಡ. ಹೊರಡುವ ಮುಂಜಾನೆ ತುರ್ತು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡುವುದು ಹಿರಿಯ ಶಿಕ್ಷಕರ ಕೆಲಸ. ಅಡುಗೆಯ ಪಾತ್ರೆ, ನೀರಿನ ಕ್ಯಾನು, ಚೀಲಗಳನ್ನು ಒಟ್ಟುವುದು ಯಾವಾಗಲೂ ಆ ಬಾಗಿಲಿನ ಮುಂದೆಯೇ.

ಬುತ್ತಿ ಮತ್ತು ಜೇನು

ನಸುಕಿನ 4ಕ್ಕೆ ಮಾಡಿದ ಚಿತ್ರಾನ್ನವನ್ನು ಬಿಸಿಯಿರುವಾಗಲೇ ದೊಡ್ಡ ಪಾತ್ರೆಗೆ ತುಂಬಿ, ಮುಚ್ಚಿ, ಮಧ್ಯಾಹ್ನ ಒಂದಕ್ಕೆ ತೆರೆಯುವುದು ನಮ್ಮ ಕಡೆಯ ಪ್ರವಾಸಗಳ ರೂಢಿ. ಅನ್ನದಲ್ಲಿ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳಿರುತ್ತವೆ. ಬೆಚ್ಚಗೆ ಮುಚ್ಚಿಟ್ಟ ಪಾತ್ರೆಯಲ್ಲಿ ಅವು ಬೆಳೆದು, ಮತ್ತೆ ಬಿಸಿ ಮಾಡಿದರೂ ಹೋಗದ ವಿಷವನ್ನು ಉಂಟುಮಾಡುತ್ತವೆ. ವಾಸನೆಯಲ್ಲಿ ರುಚಿಯಲ್ಲಿ ವ್ಯತ್ಯಾಸ ಕಾಣದಿರಬಹುದು. ಊಟವಾಗಿ ಒಂದೆರಡು ಗಂಟೆಯಲ್ಲಿ, ಬಸ್ಸು ಹೊರಡುವ ಹೊತ್ತಿಗೆ, ಒಬ್ಬರ ಹಿಂದೊಬ್ಬರು ವಾಂತಿ ಮಾಡಿಕೊಳ್ಳಲು ಆರಂಭಿಸಿದಾಗ ತಿಳಿಯುತ್ತದೆ. ಇದು ಬಸ್ಸಿನ ವಾಂತಿಯಲ್ಲ ಎಂದು ಗುರುತಿಸುವ ಬಗೆಯೆಂದರೆ, ಅಭ್ಯಾಸವಿಲ್ಲದ ಮಕ್ಕಳಿಗೆ ಬಸ್ಸಿನ ವಾಂತಿ ಬೆಳಗಿನ ಪ್ರಯಾಣದಲ್ಲೇ ಬಂದಿರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ನಾಲ್ಕಾರು ಮಕ್ಕಳು ಊಟದ ನಂತರ ಒಟ್ಟಿಗೆ ಮಲಗಿದರೆ ಅನ್ನವನ್ನೇ ಸಂಶಯಿಸಬೇಕು.

ಇಲ್ಲಿ ಬದಲಿ ಸುಲಭವಾಗಿ ಸಿಕ್ಕಿತು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣ ಪಲ್ಯ, ಬಾಳೆಹಣ್ಣು. ಮೊಸರನ್ನು ಮೊದಲೇ ಕಲಸದೆ, ಗದಗಿನಲ್ಲಿ ಪೊಟ್ಟಣಗಳನ್ನು ಕೊಳ್ಳುವುದು. ಶೇಂಗಾ ಒಗ್ಗದ ಮಗುವಿದ್ದರೆ ಪಾಲಕರ ಪತ್ರದಲ್ಲಿ ತಿಳಿಯಬೇಕು, ಆದ್ದರಿಂದ ಆ ಪತ್ರದಲ್ಲಿ "ಆರೋಗ್ಯ ಸಮಸ್ಯೆ ಇದೆಯೇ" ಎಂದು ಕೇಳದೆ, ಉಬ್ಬಸ, ಮೂರ್ಛೆ ರೋಗ, ಯಾವುದಾದರೂ ತಿನಿಸು ಅಥವಾ ಜೇನುಕಡಿತ ಒಗ್ಗದಿರುವುದು, ದಿನವೂ ತೆಗೆದುಕೊಳ್ಳುವ ಔಷಧ ಎಂದು ಒಂದೊಂದನ್ನೂ ಹೆಸರಿಸಿ ಕೇಳಿದೆವು. ಮೊದಲ ರೀತಿಯ ಪ್ರಶ್ನೆಗೆ 48ಕ್ಕೆ 48 ಪಾಲಕರೂ "ಇಲ್ಲ" ಎಂದು ಬರೆಯುತ್ತಾರೆ. ಬಂದ ಉತ್ತರಗಳನ್ನು ಮಗುವಿನ ಹೆಸರಿನೊಂದಿಗೆ ಪಟ್ಟಿಯಲ್ಲಿ ಬರೆಯಬಾರದು, ಏಕೆಂದರೆ ಪಟ್ಟಿ ಹಲವರ ಕೈ ಸೇರುತ್ತದೆ. ಅದು ಗುಂಪಿನ ಶಿಕ್ಷಕರ ಬಳಿಯ ಪ್ರತ್ಯೇಕ ಹಾಳೆಯಲ್ಲಿರಬೇಕು.

ಹೆಜ್ಜೇನಿನ ಸಾಲಿನಲ್ಲಿ ನಾವು ಬಹುತೇಕ ಒಂದು ತಪ್ಪು ಮಾಡಿದ್ದೆವು. ಜೇನು ಎದ್ದರೆ ಮಕ್ಕಳು ದೂರ ಓಡಿ ಮುಚ್ಚಿದ ಕಟ್ಟಡ ಅಥವಾ ಕಿಟಕಿ ಮುಚ್ಚಿದ ಬಸ್ಸನ್ನು ಸೇರಬೇಕು ಎಂದು ಬರೆದಿದ್ದೆವು. ಅದು ಸರಿಯಾದ ಮಾತೇ. ಆದರೆ ಮಾಣಿಕೇಶ್ವರ ಗುಡಿಯ ಬಳಿ ನಿಂತ ಮಕ್ಕಳು ಓಡಿದರೆ ಅವರ ಮುಂದೆ ಇರುವುದು ಬಾವಿ. ಜೇನಿನಿಂದ ತಪ್ಪಿಸಿಕೊಳ್ಳಲು ನೀರಿಗೆ ಹಾರಬೇಕೆಂದು ಹಳ್ಳಿಯ ಮಕ್ಕಳು ಕೇಳಿಯೂ ಇರುತ್ತಾರೆ. ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಬರೆದು ಮುಗಿಸಿದ ಮೇಲೆ, ಒಂದು ಸಾಲಿನ ನಿಯಂತ್ರಣ ಕ್ರಮ ಇನ್ನೊಂದು ಸಾಲಿನ ಅಪಾಯವನ್ನು ಹೆಚ್ಚಿಸುತ್ತದೆಯೇ ಎಂದು ಜೋಡಿ ಜೋಡಿಯಾಗಿ ಓದುವುದು ಈ ಕಾರಣಕ್ಕೆ. ನಾವು ಓಡುವ ದಿಕ್ಕನ್ನು ಬರೆದೆವು: ಗುಡಿಯ ಹೊರಬಾಗಿಲು, ಅಲ್ಲಿಂದ ಬಸ್ಸು, ಬಾವಿಯ ಕಡೆಗೆ ಅಲ್ಲ. ಅಲ್ಲಿಗೆ ತಲುಪಿದ ಕೂಡಲೇ ಆ ದಿಕ್ಕಿನಲ್ಲಿ ಒಮ್ಮೆ ನಡೆಸಿಯೂ ನೋಡುವುದೆಂದಾಯಿತು.

ಪಟ್ಟಿ

ನಮ್ಮ ಪಟ್ಟಿಯಲ್ಲಿ ಒಟ್ಟು 14 ಸಾಲುಗಳಿದ್ದವು. ಮೃಗಾಲಯದ ಎರಡು ಸಾಲುಗಳು, ಬಿಸಿಲು, ಸಣ್ಣಪುಟ್ಟ ಗಾಯ ಮುಂತಾದವನ್ನು ಬಿಟ್ಟು ಆರನ್ನು ಇಲ್ಲಿ ಕೊಟ್ಟಿದ್ದೇನೆ. ಹೊಣೆಯ ಕಾಲಂನಲ್ಲಿ "ಎಲ್ಲ ಶಿಕ್ಷಕರು" ಎಂದು ಬರೆದರೆ ಆ ಕೆಲಸ ಯಾರದ್ದೂ ಆಗುವುದಿಲ್ಲ; ನಿಮ್ಮ ಪಟ್ಟಿಯಲ್ಲಿ ಅಲ್ಲಿ ಒಬ್ಬೊಬ್ಬರ ಹೆಸರೇ ಬರಲಿ.

| ಅಪಾಯದ ಮೂಲ | ಸಾಧ್ಯತೆ | ತೀವ್ರತೆ | ಅಂಕ | ನಿಯಂತ್ರಣ ಕ್ರಮ | ಹೊಣೆ | ಉಳಿದ ಅಂಕ |
|---|---|---|---|---|---|---|
| ಮುಸುಕಿನ ಬಾವಿಯ ಮೆಟ್ಟಿಲಿಳಿದ ಮಗು ಪಾಚಿಯ ಮೇಲೆ ಜಾರಿ ನೀರಿಗೆ ಬೀಳಬಹುದು | 3 | 5 | 15 | ನೀರಿದ್ದರೆ ಯಾರೂ ಇಳಿಯುವುದಿಲ್ಲ; 12ರ ಗುಂಪು; ಹಗ್ಗ ಹಿಡಿದ ಇಬ್ಬರು ಶಿಕ್ಷಕರು; ಎಸೆಯುವ ಡಬ್ಬಿ | ಪ್ರವಾಸದ ಮುಖ್ಯಸ್ಥರು | 1×5=5 |
| ದಣಿದ ಚಾಲಕರಿಂದ ಹೆದ್ದಾರಿಯಲ್ಲಿ ಅಪಘಾತವಾಗಬಹುದು | 3 | 5 | 15 | ಮಾಗಡಿ ಕೆರೆಯನ್ನು ಕೈಬಿಟ್ಟು 12 ಗಂಟೆಯೊಳಗೆ ಮರಳುವುದು; ಹಗಲಿನ ಪ್ರಯಾಣ; ಎರಡು ಗಂಟೆ ನಿದ್ದೆ | ಹಿರಿಯ ಶಿಕ್ಷಕರು | 2×5=10 |
| ಬಸ್ಸಿನಿಂದಿಳಿದ ಮಗು ರಸ್ತೆ ದಾಟುವಾಗ ಅಥವಾ ಬಸ್ಸು ಹಿಂದಕ್ಕೆ ಬರುವಾಗ ಸಿಕ್ಕಿಕೊಳ್ಳಬಹುದು | 3 | 5 | 15 | ಹೆದ್ದಾರಿಯ ಬದಿಯಲ್ಲಿ ನಿಲ್ಲಿಸುವುದಿಲ್ಲ; ಮೊದಲೇ ಗುರುತಿಸಿದ ಜಾಗದಲ್ಲಿ ಬಸ್ಸು ತಿರುಗಿ ನಿಂತ ಮೇಲೆ ಇಳಿಯುವುದು; ಮೊದಲು ಇಳಿಯುವುದು ಶಿಕ್ಷಕರು | ಒಂದನೆಯ ಗುಂಪಿನ ಶಿಕ್ಷಕರು | 1×5=5 |
| ಹೆಜ್ಜೇನು ಎದ್ದು ಹಲವರಿಗೆ ಕಡಿಯಬಹುದು | 3 | 4 | 12 | ಮುಂಚಿತ ಪರಿಶೀಲನೆ; ಗೂಡು ಕಂಡರೆ ಆ ಬದಿ ಬಿಡುವುದು; ಓಡುವ ದಿಕ್ಕು ಗೊತ್ತುಪಡಿಸುವುದು; ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯುವುದು; ಉಸಿರು ಕಟ್ಟಿದರೆ 108 | ಮೂರನೆಯ ಗುಂಪಿನ ಶಿಕ್ಷಕಿ | 2×4=8 |
| ಬೆಳಿಗ್ಗೆ ಮಾಡಿದ ಅನ್ನ ಕೆಟ್ಟು ವಾಂತಿ ಭೇದಿಯಾಗಬಹುದು | 4 | 3 | 12 | ಅನ್ನದ ಬದಲು ಕಟಕ ರೊಟ್ಟಿ; ಮುಚ್ಚಿದ ಮೊಸರಿನ ಪೊಟ್ಟಣ; ಕೈತೊಳೆಯಲು ಸೋಪು, ನೀರು | ಎರಡನೆಯ ಗುಂಪಿನ ಶಿಕ್ಷಕಿ | 1×3=3 |
| ಎಣಿಕೆ ತಪ್ಪಿ ಮಗುವೊಂದು ಹಿಂದುಳಿಯಬಹುದು | 4 | 3 | 12 | ಜೋಡಿ ಪದ್ಧತಿ; ಹತ್ತುವ ಮೊದಲು ಮತ್ತು ಬಸ್ಸು ಕದಲುವ ಮೊದಲು ಎರಡು ಎಣಿಕೆ | ಪ್ರತಿ ಗುಂಪಿನ ಶಿಕ್ಷಕರು | 2×3=6 |

ಎರಡನೆಯ ಸಾಲಿನಲ್ಲಿ ಉಳಿದ ಅಂಕ 10 ಇರುವುದನ್ನು ಕಂಡು ಒಬ್ಬರು ಅದನ್ನು 5 ಮಾಡೋಣ ಎಂದರು. ಮಾಡಲಿಲ್ಲ. ನಮ್ಮ ಚಾಲಕರು ಎಷ್ಟೇ ನಿದ್ದೆ ಮಾಡಿದ್ದರೂ ಎದುರಿನಿಂದ ಬರುವ ಲಾರಿಯ ಚಾಲಕರ ನಿದ್ದೆ ನಮ್ಮ ಕೈಯಲ್ಲಿಲ್ಲ. ಉಳಿದ ಅಪಾಯವನ್ನು ಒಪ್ಪಿಕೊಂಡು ಹೊರಡುತ್ತಿದ್ದೇವೆ ಎಂಬುದು ಸಹಿ ಹಾಕುವ ಮುಖ್ಯೋಪಾಧ್ಯಾಯರ ಕಣ್ಣಿಗೆ ಬೀಳಬೇಕು.

ಎಣಿಕೆಯ ಬಗ್ಗೆ ಒಂದು ಮಾತು. ಮಕ್ಕಳಿಗೆ 1ರಿಂದ 48ರವರೆಗೆ ಸಂಖ್ಯೆ ಕೊಟ್ಟು ಕೂಗಿಸುವ ಪದ್ಧತಿ ಚುರುಕಾದದ್ದು, ಆದರೆ ಗೆಳೆಯ ಶೌಚಾಲಯದಲ್ಲಿದ್ದಾನೆ ಎಂದು ಪಕ್ಕದವನೇ ಅವನ ಸಂಖ್ಯೆಯನ್ನು ಕೂಗಿಬಿಡುತ್ತಾನೆ. ನಾವು ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ, ಗುಂಪಿನ ಶಿಕ್ಷಕರು ಆರು ಜೋಡಿಗಳ ತಲೆಯನ್ನು ಮುಟ್ಟಿ ಎಣಿಸುವ ಕ್ರಮವನ್ನು ಇಟ್ಟುಕೊಂಡೆವು. ಬಸ್ಸಿನಲ್ಲಿ ನಿಧಾನವೆನಿಸಿದರೂ ಇದರಲ್ಲಿ ಇಲ್ಲದ ತಲೆ ಎಣಿಕೆಗೆ ಬರುವುದಿಲ್ಲ.

ಕೊನೆಯ ಹೆಜ್ಜೆ: ಪಟ್ಟಿಯನ್ನು ಜೊತೆಗೊಯ್ಯುವುದು

ಸಹಿಯಾದ ಪಟ್ಟಿಯ ಒಂದು ಪ್ರತಿ ಶಾಲೆಯಲ್ಲಿ ಉಳಿಯುತ್ತದೆ, ಒಂದೊಂದು ಪ್ರತಿ ಐವರು ಶಿಕ್ಷಕರ ಕೈಯಲ್ಲಿ. ಪ್ರತಿಯ ಹಿಂಬದಿಯಲ್ಲಿ 112, 108 ಮತ್ತು ಮಕ್ಕಳ ಸಹಾಯವಾಣಿ 1098, ಗದಗಿನಲ್ಲಿ ಹತ್ತಿರದ ದವಾಖಾನೆಯ ದಾರಿ, ಮತ್ತು ಶಾಲೆಯಲ್ಲಿ ಆ ದಿನ ಫೋನಿನ ಬಳಿ ಇರುವವರ ಸಂಖ್ಯೆ. ಪಾಲಕರಿಗೆ ಸುದ್ದಿ ಹೋಗುವುದಾದರೆ ಆ ಒಬ್ಬರಿಂದ ಮಾತ್ರ. ಬಸ್ಸಿನಲ್ಲಿರುವ ಶಿಕ್ಷಕರಿಗೆ 48 ಮನೆಗಳ ಕರೆಗಳನ್ನು ಸ್ವೀಕರಿಸುತ್ತ ಮಗುವನ್ನು ನೋಡಿಕೊಳ್ಳಲು ಆಗದು.

ಸ್ಥಳದಲ್ಲಿ ಪರಿಸ್ಥಿತಿ ಬದಲಾಗಿರಬಹುದಾದ್ದರಿಂದ, ಯಾವುದನ್ನು ಕಂಡರೆ ಯಾವ ಭಾಗವನ್ನು ಕೈಬಿಡುತ್ತೇವೆ ಎಂಬುದನ್ನೂ ಮೊದಲೇ ಬರೆದಿರಬೇಕು. ನಮ್ಮಲ್ಲಿ ಅಂಥ ಮೂರು ಸಾಲುಗಳಿದ್ದವು: ಬಾವಿಯ ಬಳಿ ಬೇರೆ ಶಾಲೆಯ ಮಕ್ಕಳ ನೂಕುನುಗ್ಗಲಿದ್ದರೆ ಬಾವಿಯನ್ನು ಬಿಡುವುದು, ಜೇನು ಹಾರಾಡುತ್ತಿದ್ದರೆ ಆ ಗುಡಿಯನ್ನು ಬಿಡುವುದು, ಮಧ್ಯಾಹ್ನ 2ರೊಳಗೆ ಮೃಗಾಲಯ ತಲುಪದಿದ್ದರೆ ಅದನ್ನು ಬಿಟ್ಟು ನೇರವಾಗಿ ಊರಿಗೆ. ಇದನ್ನು ನಿರ್ಧರಿಸುವ ಅಧಿಕಾರ ಪ್ರವಾಸದ ಮುಖ್ಯಸ್ಥರದು, ಅದಕ್ಕೆ ಫೋನು ಮಾಡಿ ಯಾರನ್ನೂ ಕೇಳಬೇಕಾಗಿಲ್ಲ ಎಂಬುದನ್ನೂ ಬರೆದಿದ್ದೆವು.

ಆ ದಿನ ಬಾವಿಯ ಬಳಿ ನಾಲ್ಕನೆಯ ಗುಂಪು ಬರುವ ಹೊತ್ತಿಗೆ ಹಗ್ಗ ಹಿಡಿದಿದ್ದ ಶಿಕ್ಷಕರೊಬ್ಬರಿಗೆ ಫೋನು ಬಂತು, ಅವರು ಹಗ್ಗವನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಎರಡು ಹೆಜ್ಜೆ ಆಚೆ ಹೋದರು. ಏನೂ ಆಗಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲೇ ಪಟ್ಟಿಯ ಅಂಚಿನಲ್ಲಿ ಅದನ್ನು ಬರೆದುಕೊಂಡೆವು, ಮರುದಿನ ಮೊದಲ ಸಾಲಿನ ನಿಯಂತ್ರಣ ಕ್ರಮಕ್ಕೆ "ಹಗ್ಗ ಹಿಡಿದವರ ಫೋನು ಚೀಲದಲ್ಲಿ" ಎಂಬ ನಾಲ್ಕು ಪದಗಳು ಸೇರಿದವು.